ಎರಡನೇ ಸಲ ಕೊಟ್ಟ ಮಾತ್ರೆ

ಆ ಆಸ್ಪತ್ರೆಯಲ್ಲಿ ಅವರ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಎಲ್ಲರಿಗೂ ಅವರು ರಿಯಾಕ್ಷನ್ ಮೇಡಂ. ಔಷಧ ಕೊಟ್ಟ ಮೇಲೆ ಯಾರಿಗೆ ಮೈಯೆಲ್ಲ ದದ್ದು ಎದ್ದಿತು, ಯಾರಿಗೆ ತುಟಿ ಊದಿತು, ಯಾರಿಗೆ ಬಾಯಿ ರುಚಿ ಕೆಟ್ಟಿತು ಎಂದು ವಾರ್ಡಿನಿಂದ ವಾರ್ಡಿಗೆ ಕೇಳಿಕೊಂಡು ತಿರುಗುವುದು, ಕೇಳಿದ್ದನ್ನು ಬರೆದು ಔಷಧ ಸುರಕ್ಷತೆಯ ಕೇಂದ್ರಕ್ಕೆ ಕಳಿಸುವುದು, ಇಷ್ಟೇ ಅವರ ಕೆಲಸ. ಇಷ್ಟೇ ಎಂದು ಹೇಳುವುದು ಸುಲಭ. ದೂರದಲ್ಲಿ ಅವರ ಬಿಳಿ ಕೋಟು ಕಂಡರೆ ಸಾಕು, ಎಷ್ಟೋ ಡಾಕ್ಟರುಗಳಿಗೆ ಇದ್ದಕ್ಕಿದ್ದಂತೆ ಫೋನು ಬಂದುಬಿಡುತ್ತಿತ್ತು. ತಾವು ಬರೆದುಕೊಟ್ಟ ಮಾತ್ರೆ ಎಡವಟ್ಟು ಮಾಡಿತು ಎಂದು ಹೇಳಿಕೊಳ್ಳುವುದು ಯಾರಿಗೆ ತಾನೇ ಇಷ್ಟ?

ಕೂರಲು ಕೊಟ್ಟಿದ್ದು ಮೆಟ್ಟಿಲ ಕೆಳಗಿನ ಕೋಣೆ. ತಲೆ ಎತ್ತಿ ನಿಂತರೆ ಸೂರು ಬಡಿಯುವಂಥದ್ದು. ಹಳೆಯ ಎಕ್ಸ್‌ರೇ ಹಾಳೆಗಳ ಕಟ್ಟುಗಳ ನಡುವೆ ಒಂದು ಮೇಜು, ಒಂದು ಕಂಪ್ಯೂಟರು, ಅದಕ್ಕಿಂತ ಹಳೆಯದೊಂದು ಕುರ್ಚಿ. ಮೊಣಕಾಲು ಹಿಡಿದುಕೊಳ್ಳುತ್ತಿತ್ತು, ಲಿಫ್ಟು ರೋಗಿಗಳಿಗೆ ಮಾತ್ರ. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಟ್ಟರೆ ಪಾದ ಇನ್ನೊಬ್ಬರದೇನೋ ಅನ್ನುವ ಹಾಗೆ ಭಾರ. ನಿವೃತ್ತರಾಗಿ ಮನೆಯಲ್ಲೇ ಇರುವ ಯಜಮಾನರು ಬಾಗಿಲು ತೆಗೆಯುತ್ತಲೇ ಚುಚ್ಚುತ್ತಿದ್ದರು: "ಏನಮ್ಮಾ, ಇವತ್ತು ಯಾರಿಗೆ ಏನು ಊದ್ತು?"

"ನನ್ನ ಕಾಲು" ಎನ್ನುವರು ಮೇಡಂ. ದಿನವೂ ಅದೇ ಮಾತು, ದಿನವೂ ಇಬ್ಬರೂ ಒಂದಿಷ್ಟು ನಗುವರು.

ಇಂಥ ಮೇಡಂಗೆ ಒಂದೇ ಒಂದು ಆಸೆಯಿತ್ತು. ಕೆಲಸ ಬಿಡುವ ಮುಂಚೆ ಒಂದಾದರೂ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಹೆಸರಿನ ಕೆಳಗೆ ಒಂದು ವರದಿ ಬರಬೇಕು. ಅವರು ಕೊಟ್ಟ ಮಾಹಿತಿ ಹಿಡಿದು ಬೇರೆಯವರು ಬರೆದದ್ದುಂಟು. ಕೊನೆಯ ಸಾಲಿನಲ್ಲಿ 'ಸಹಕರಿಸಿದವರಿಗೆ ವಂದನೆ' ಎಂದು ಮುಗಿಸಿ ಕೈತೊಳೆದುಕೊಂಡದ್ದೂ ಉಂಟು. ಹಾಗಾಗಿ ನರದ ಡಾಕ್ಟರು ಒಂದು ದಿನ ಆ ತಗ್ಗು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, "ಮೇಡಂ, ಒಂದು ಅಪರೂಪದ ಕೇಸಿದೆ. ನೀವೇ ಬರೀರಿ. ನಿಮ್ಮ ಹೆಸರೇ ಮೊದಲು" ಎಂದಾಗ ಅವರಿಗೆ ಮೊದಲು ಅನುಮಾನವೇ ಬಂದಿತು.

ಕೇಸು ನಿಜಕ್ಕೂ ಅಪರೂಪದ್ದೇ. ಊರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡಿ ಶ್ರುತಿ ಕೂರಿಸುವ ಒಬ್ಬರಿದ್ದರು. ಪೆಟ್ಟಿಗೆ ಮೇಷ್ಟ್ರು ಎಂದೇ ಎಲ್ಲರೂ ಕರೆಯುವುದು. ಅವರಿಗೆ ಮುಖದ ನರದ ನೋವು ಶುರುವಾಯಿತು. ಗಾಳಿ ಸೋಕಿದರೆ, ಹಲ್ಲುಜ್ಜಿದರೆ, ಒಂದು ತುತ್ತು ಅಗಿದರೆ ಕೆನ್ನೆಗೆ ಕರೆಂಟು ಹೊಡೆದಂತಾಗುವ ನೋವು ಅದು. ಅದಕ್ಕೆ ಮೊದಲು ಕೊಡುವ ಔಷಧ ಕಾರ್ಬಮಜೆಪೀನ್. ಕೊಟ್ಟರು, ನೋವು ತಗ್ಗಿತು. ಪ್ರಮಾಣ ಏರಿಸಿದ ಕೆಲವೇ ದಿನಕ್ಕೆ ಮೇಷ್ಟ್ರಿಗೆ ಲೋಕದ ಸದ್ದೆಲ್ಲ ಅರ್ಧ ಸ್ವರ ಕೆಳಗಿಳಿದು ಕೇಳತೊಡಗಿತು. ಫೋನಿನ ಗಂಟೆ, ಬಸ್ಸಿನ ಹಾರನ್ನು, ರೇಡಿಯೊ, ಎಲ್ಲವೂ. ಕಿವಿ ಮಂದವಾಗಲಿಲ್ಲ, ಪಿಸುಮಾತೂ ಕೇಳಿಸುತ್ತಿತ್ತು. ಸ್ವರ ಮಾತ್ರ ಜಾರಿತ್ತು. ಮೇಷ್ಟ್ರು ಮಾಡಿದ್ದೇನು? ತಮ್ಮ ಕಿವಿಯನ್ನು ಅನುಮಾನಿಸಲಿಲ್ಲ, ಸ್ವರ ಹೋಲಿಸಿ ನೋಡುವ ಶ್ರುತಿ ಕವೆಯನ್ನು ಅನುಮಾನಿಸಿದರು. ಆ ಉಕ್ಕಿನ ಕವೆ ಹುಟ್ಟಿದಾಗಿನಿಂದ ಒಂದೇ ಸ್ವರ ನುಡಿಯುತ್ತಾ ಬಂದದ್ದು. 'ಹಾಳಾಯ್ತು ಇದು' ಎಂದು ಅದನ್ನೇ ಕಸಕ್ಕೆಸೆದರಂತೆ! ಕೊನೆಗೆ ಹೆಂಡತಿಯ ಗದರಿಕೆಗೆ ಆಸ್ಪತ್ರೆಗೆ ಬಂದರು. ಕಿವಿಯ ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ನರದ ಡಾಕ್ಟರು ಆ ಮಾತ್ರೆ ನಿಲ್ಲಿಸಿ ಬೇರೆಯದು ಕೊಟ್ಟರು. ಒಂದು ವಾರದೊಳಗೆ ಸ್ವರ ಮೊದಲಿನ ಜಾಗಕ್ಕೆ ಬಂದು ಕೂತಿತು.

ಈ ಔಷಧ ಹೀಗೆ ಮಾಡಿದ್ದನ್ನು ಅಲ್ಲಲ್ಲಿ ಕೆಲವರು ಬರೆದಿದ್ದಾರೆ, ಬಹಳ ಮಂದಿಯಲ್ಲ. ಯಾಕೆಂದರೆ ಅರ್ಧ ಸ್ವರ ಇಳಿದರೆ ಗೊತ್ತಾಗುವ ಕಿವಿ ಎಷ್ಟು ಜನಕ್ಕಿದೆ? ನಮ್ಮಂಥವರಿಗೆ ಪೂರ್ತಿ ಸ್ವರ ಇಳಿದರೂ ತಿಳಿಯದು.

ಮೇಡಂ ಬರೆಯಲು ಕೂತರು. ಇಂಥ ವರದಿಗೆ ಒಂದು ಕಟ್ಟುನಿಟ್ಟಿದೆ. ಮೊದಲು ಇದು ಯಾಕೆ ಅಪರೂಪ ಎಂಬ ನಾಲ್ಕು ಮಾತು. ಆಮೇಲೆ ರೋಗಿಯ ವಯಸ್ಸು, ಕೆಲಸ, ಹಿಂದಿನ ಕಾಯಿಲೆ, ಜೊತೆಗೆ ತೆಗೆದುಕೊಳ್ಳುತ್ತಿದ್ದ ಬೇರೆ ಔಷಧ. ಅನುಮಾನದ ಔಷಧದ ಹೆಸರು, ಕಂಪನಿ ಇಟ್ಟ ಹೆಸರಲ್ಲ, ಮೂಲ ಹೆಸರು. ಎಷ್ಟು, ದಿನಕ್ಕೆಷ್ಟು ಸಲ, ಎಂದು ಶುರು, ಎಂದು ಏರಿಕೆ, ಎಂದು ನಿಲುಗಡೆ. ತೊಂದರೆ ಯಾವಾಗ ಕಾಣಿಸಿತು, ನಿಲ್ಲಿಸಿದ ಮೇಲೆ ಯಾವಾಗ ಹೋಯಿತು. ಬೇರೆ ಕಾರಣ ಇರಬಹುದೇ ಎಂದು ನೋಡಿದ ಪರೀಕ್ಷೆಗಳು. ಔಷಧವೇ ಕಾರಣ ಎಂದು ಎಷ್ಟು ಗಟ್ಟಿಯಾಗಿ ಹೇಳಬಹುದು ಎಂಬುದಕ್ಕೆ ಹತ್ತು ಪ್ರಶ್ನೆಗಳ ಒಂದು ಅಂಕಪಟ್ಟಿ. ಕೊನೆಗೆ ರೋಗಿ ತನ್ನ ಬಾಯಿಂದಲೇ ಹೇಳುವ ಮಾತು, ಮತ್ತು ಅವನ ಒಪ್ಪಿಗೆ. ಇಷ್ಟಕ್ಕೂ ಬೆನ್ನೆಲುಬು ಘಟನೆಗಳ ಕಾಲಕ್ರಮ. ಅದೊಂದು ಸಾಲು ತಪ್ಪಿದರೆ ಉಳಿದದ್ದೆಲ್ಲ ಬರಿಯ ಕಥೆ.

ಮೇಡಂ ಬರೆದ ಕಾಲಕ್ರಮ ಚೊಕ್ಕವಾಗಿತ್ತು. ಔಷಧ ಶುರು, ಪ್ರಮಾಣ ಏರಿಕೆ, ಸ್ವರ ಇಳಿಕೆ, ನಿಲುಗಡೆ, ಸ್ವರ ವಾಪಸ್ಸು. ಅಂಕ ಕೂಡಿದರೆ 'ಬಹುಮಟ್ಟಿಗೆ ಔಷಧವೇ ಕಾರಣ' ಎಂಬ ಮನೆಗೆ ಬಂದು ನಿಂತಿತು. 'ಖಚಿತ' ಎನ್ನಲು ಅದೇ ಔಷಧ ಮತ್ತೆ ಕೊಟ್ಟಾಗ ತೊಂದರೆ ಮರುಕಳಿಸಬೇಕು. ಬೇಕೆಂದೇ ಹಾಗೆ ಮಾಡಿ ನೋಡುವ ಕಟುಕತನ ಯಾರು ಮಾಡುತ್ತಾರೆ? ಬಹುಮಟ್ಟಿಗೆ ಅಂದರೆ ಅದೇ ಸಾಕು ಎಂದುಕೊಂಡರು.

ಒಪ್ಪಿಗೆಯ ಹಾಳೆ ಮಾತ್ರ ಅವರ ಕಣ್ಣಿಗೆ ಮುಳ್ಳಾಗಿತ್ತು. ಮೇಷ್ಟ್ರ ಸಹಿಯೇನೋ ಇತ್ತು, ತಾರೀಕು ಮಾತ್ರ ಅವರು ನೋವಿನಿಂದ ಬಾಯಿ ಬಿಡಲಾಗದೆ ಬಂದು ಕೂತಿದ್ದ ಮೊದಲ ದಿನದ್ದು. ಚಿಕಿತ್ಸೆಯ ಹಾಳೆಗಳ ಕಟ್ಟಿನಲ್ಲಿ ಇದನ್ನೂ ಸೇರಿಸಿ ಯಾರೋ ಸಹಿ ಹಾಕಿಸಿಕೊಂಡಿದ್ದರು. ಇಂಜೆಕ್ಷನ್ ಕೊಡಿ ಎಂದು ಒಪ್ಪುವುದೇ ಬೇರೆ, ನನ್ನ ಕಥೆ ಪತ್ರಿಕೆಯಲ್ಲಿ ಹಾಕಿ ಎಂದು ಒಪ್ಪುವುದೇ ಬೇರೆ. ಹುಟ್ಟದೇ ಇದ್ದ ವರದಿಗೆ ಆ ಮನುಷ್ಯ ಏನೆಂದು ಒಪ್ಪಿದ್ದ?

"ಸಹಿ ಇದೆಯಲ್ಲ ಮೇಡಂ, ಇನ್ಯಾಕೆ ಅಲೆದಾಟ?" ಎಂದರು ನರದ ಡಾಕ್ಟರು.

"ಓದಿ ಹೇಳಿ ಬರ್ತೀನಿ ಸಾರ್" ಎಂದು ಮೇಡಂ ಒಂದು ಭಾನುವಾರ ಮೊಣಕಾಲು ನೀವಿಕೊಂಡು ಹೊರಟರು.

ಮೇಷ್ಟ್ರ ಮನೆಯ ಮುಂಗೋಣೆಯೇ ಕಾರ್ಖಾನೆ. ಗೋಡೆಯುದ್ದಕ್ಕೂ ಹೊಟ್ಟೆ ಬಿಚ್ಚಿಕೊಂಡ ಹಾರ್ಮೋನಿಯಂಗಳು, ತಿದಿಯ ಚರ್ಮ, ಅಂಟಿನ ಡಬ್ಬಿ, ಸಾಲಾಗಿ ಸ್ವರ ನುಡಿಸುವ ಹಿತ್ತಾಳೆಯ ನಾಲಿಗೆಗಳು. ಎಲ್ಲದರ ಮೇಲೂ ಧೂಳು ಕೂತಿತ್ತು. ಮೇಡಂಗೆ ಆಗ ಅದು ಹೊಳೆಯಲಿಲ್ಲ. ಕೆಲಸದ ಮನೆಯಲ್ಲಿ ಧೂಳಿರುವುದು ಸಹಜ ಎಂದುಕೊಂಡರು.

ಮೇಷ್ಟ್ರ ಹೆಂಡತಿ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. ಮೇಡಂ ಮೊದಲು ಹೇಳಬೇಕಾದ್ದನ್ನೆಲ್ಲ ಹೇಳಿದರು. "ಮೇಷ್ಟ್ರೇ, ಮೊದಲ ದಿನ ಹಾಕಿದ ಸಹಿ ಮರೆತುಬಿಡಿ. ಈಗ ಪೂರ್ತಿ ಕೇಳಿ. ನಿಮ್ಮ ಹೆಸರಾಗಲಿ ಊರಿನ ಹೆಸರಾಗಲಿ ಇದರಲ್ಲಿ ಬರಲ್ಲ. ಆದ್ರೂ ಓದಿದೋರು ಯಾರಾದ್ರೂ ಇದು ನೀವೇ ಅಂತ ಗುರುತು ಹಿಡಿಯಲ್ಲ ಅಂತ ನಾನು ಆಣೆ ಮಾಡಿ ಹೇಳೋಕಾಗಲ್ಲ. ಬೇಡ ಅಂದ್ರೆ ಬೇಡ. ಇವತ್ತು ಹೂಂ ಅಂದು ನಾಳೆ ಬೇಡ ಅನ್ನಬಹುದು, ಅಚ್ಚಾಗೋವರೆಗೂ. ನಿಮ್ಮ ಚಿಕಿತ್ಸೆಗೂ ಇದಕ್ಕೂ ಸಂಬಂಧ ಇಲ್ಲ."

"ಓದಿ ತಾಯಿ" ಎಂದರು ಮೇಷ್ಟ್ರು, ಕಣ್ಣು ಮುಚ್ಚಿ.

ಇಂಗ್ಲಿಷಿನಲ್ಲಿದ್ದುದನ್ನು ಮೇಡಂ ಒಂದೊಂದೇ ಸಾಲಾಗಿ ಕನ್ನಡ ಮಾಡಿ ಓದಿದರು. 'ಮಧ್ಯವಯಸ್ಸು ದಾಟಿದ, ಹಾರ್ಮೋನಿಯಂ ಶ್ರುತಿ ಮಾಡುವ ಒಬ್ಬ ಗಂಡಸು' ಎಂಬಲ್ಲಿಗೆ ಬಂದಾಗ ಮೇಷ್ಟ್ರು ಕೈ ಎತ್ತಿದರು.

"ಅದೊಂದು ತೆಗೀರಿ."

"ಯಾವುದು?"

"ಹಾರ್ಮೋನಿಯಂ. ಇಡೀ ಊರಿಗೆ ಪೆಟ್ಟಿಗೆ ಕೆಲಸದೋನು ನಾನೊಬ್ನೇ. ಆ ಮಾತಿದ್ರೆ ಹೆಸರು ಬೇಕಾ?"

ಮೇಡಂ ಅದನ್ನು ನಿರೀಕ್ಷಿಸಿದ್ದರು. 'ಸಂಗೀತದ ಕಿವಿ ಪಳಗಿದ ವ್ಯಕ್ತಿ' ಎಂದು ಹಾಕೋಣ, ಅಷ್ಟು ಬೇಕೇ ಬೇಕು, ಇಲ್ಲದಿದ್ದರೆ ಅರ್ಧ ಸ್ವರ ಇಳಿದದ್ದು ನಿಮಗೆ ಹೇಗೆ ತಿಳಿಯಿತು ಎಂದು ಓದುವವರು ಕೇಳುತ್ತಾರೆ ಎಂದು ವಿವರಿಸಿದರು. ಮೇಷ್ಟ್ರು ಒಣ ನಗೆ ನಕ್ಕರು.

"ಹಾಕಿ ಹಾಗೇ. ಹೇಗೂ ಆ ಕೆಲಸ ಬಿಟ್ಟೂ ಆಯ್ತು."

"ಬಿಟ್ರಾ? ಯಾಕೆ? ಕಿವಿ ಸರಿಹೋಯ್ತಲ್ಲ!"

"ಸರಿಹೋಗಿತ್ತು. ಮತ್ತೆ ಹೋಯ್ತು."

ಮೇಡಂ ಕೈಯಲ್ಲಿನ ಹಾಳೆ ಅಲ್ಲೇ ನಿಂತಿತು. ಮೇಷ್ಟ್ರು ನೆಲ ನೋಡುತ್ತಾ ಹೇಳಿದರು. ಸ್ವರ ವಾಪಸ್ಸು ಬಂದ ಖುಷಿಯಲ್ಲಿ ಶಾಲೆಯೊಂದರ ಹಾರ್ಮೋನಿಯಂ ಒಪ್ಪಿಕೊಂಡಿದ್ದರು. ಕವೆ ಎಸೆದಾಗಿತ್ತು, ಇನ್ನೊಂದು ಕೊಳ್ಳಲಿಲ್ಲ. ಬಾಳೆಲ್ಲ ಬರಿಗಿವಿಯಲ್ಲಿ ಕೂರಿಸಿದ ಜಂಬ. ಪೆಟ್ಟಿಗೆಯ ಶ್ರುತಿ ತೀರಾ ಕೆಳಗಿದೆ ಅನ್ನಿಸಿತು. ನಾಲಿಗೆಗಳ ತುದಿ ಕೆರೆದು ಕೆರೆದು ಸ್ವರ ಏರಿಸಿದರು, ಒಂದೊಂದನ್ನೂ. ಕೊಟ್ಟು ಬಂದ ಮೇಲೆ ಹಾಡಿನ ಟೀಚರ್ ಮನೆ ಬಾಗಿಲಿಗೆ ಬಂದು, ಪೆಟ್ಟಿಗೆ ಪೂರ್ತಿ ಅರ್ಧ ಸ್ವರ ಮೇಲಿದೆ, ಮಕ್ಕಳು ಮೇಲಿನ ಸ್ವರ ಮುಟ್ಟಲಾರದೆ ಕಿರುಚುತ್ತಿದ್ದಾರೆ, ಬೇರೆ ಯಾವ ವಾದ್ಯದ ಜೊತೆಗೂ ಅದು ಕೂಡುತ್ತಿಲ್ಲ ಎಂದರು. 'ನಿಮಗೆ ವಯಸ್ಸಾಯ್ತು ಮೇಷ್ಟ್ರೇ, ಕಿವಿ ಹೋಗಿದೆ' ಎಂದೂ ಅಂದರು. ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಹಾಡಿನವರ ಬಾಯಿಂದ ಬಾಯಿಗೆ ಹೋಗಿ ಊರೆಲ್ಲ ಸುತ್ತಿ ಬಂತು.

"ಆಗ ಆ ಮಾತ್ರೆ ನಿಂತು ಎಷ್ಟೋ ದಿನ ಆಗಿತ್ತು ತಾಯಿ. ಹಾಗಾಗಿ ಮಾತ್ರೆದಲ್ಲ ತಪ್ಪು. ನನ್ನ ಕಿವೀದೇ. ಒಂದು ವಾರ ಬಿಟ್ಟು ಮತ್ತೆ ಸರಿ ಆಯ್ತು, ಆದ್ರೆ ಇನ್ನು ನಂಬೋದು ಹೇಗೆ? ಯಾವತ್ತು ಕೈ ಕೊಡತ್ತೋ. ಇನ್ನೊಬ್ಬರ ಪೆಟ್ಟಿಗೆ ಹಾಳು ಮಾಡೋ ಪಾಪ ಬೇಡ ಅಂತ ಬಂದೋರಿಗೆಲ್ಲ ಇಲ್ಲ ಅಂತಿದೀನಿ."

ಮೇಡಂ ಹಾಳೆಯನ್ನು ತೊಡೆಯ ಮೇಲೆ ಇಳಿಸಿದರು. ಔಷಧವಿಲ್ಲದೆಯೂ ಸ್ವರ ಇಳಿದಿದ್ದರೆ ಔಷಧವೇ ಕಾರಣ ಎಂಬ ಮಾತೇ ಬಿದ್ದುಹೋಯಿತು. ಅಂಕಪಟ್ಟಿಯೂ ಹೋಯಿತು, ವರದಿಯೂ ಹೋಯಿತು. ಅಯ್ಯೋ, ಇದನ್ನೇಕೆ ಕೇಳಲು ಬಂದೆ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಆದರೂ ಬಾಯಿ ಅಭ್ಯಾಸದ ಪ್ರಶ್ನೆಯನ್ನು ಕೇಳಿಬಿಟ್ಟಿತು. "ಆ ವಾರ ಬೇರೆ ಏನಾದ್ರೂ ತಗೊಂಡ್ರಾ? ನೆಗಡಿಗೆ, ಹೊಟ್ಟೆಗೆ, ಯಾವುದಾದ್ರೂ?"

"ಇಲ್ಲಪ್ಪ. ನೋವು ಬಂತು ಅಂತ ನಿಮ್ಮಲ್ಲೇ ಕೊಟ್ಟಿದ್ದು ಅಷ್ಟೇ."

"ನಮ್ಮಲ್ಲಾ?"

ಬಾಗಿಲಲ್ಲಿದ್ದ ಹೆಂಡತಿ ಮುಂದೆ ಬಂದರು. "ಹೂಂ ಅಕ್ಕಾ. ಅವತ್ತು ರಜಾ ದಿನ. ಇವರು ಗೋಡೆಗೆ ತಲೆ ಚಚ್ಚಿಕೊಳ್ತಿದ್ರು. ನಿಮ್ಮ ತುರ್ತು ವಿಭಾಗಕ್ಕೇ ಕರ್ಕೊಂಡು ಬಂದೆ. ಅಲ್ಲಿದ್ದ ಡಾಕ್ಟರು ಒಂದು ವಾರಕ್ಕೆ ಬರ್ಕೊಟ್ರು. ನಾನು ಕೇಳಿದೆ, ಹಳೇ ಮಾತ್ರೆ ಅಲ್ಲ ತಾನೇ ಅಂತ. ಹಳೇದರ ಹೆಸರೇನು ಅಂದ್ರು. ಮಾತ್ರೆ ಪಟ್ಟಿ ಮೇಲೆ ದಪ್ಪಗೆ ಬರೆದಿದ್ದ ಹೆಸರು ಹೇಳಿದೆ. ಅದಲ್ಲ ಇದು ಬೇರೆ ಅಂದ್ರು. ಪಟ್ಟಿನೂ ಬೇರೆನೇ ಇತ್ತು." ಒಳಗೆ ಹೋಗಿ ಡಬ್ಬಿ ತಡಕಾಡಿ ಖಾಲಿ ಪಟ್ಟಿ ತಂದು ಕೊಟ್ಟರು.

ಕಂಪನಿ ಬೇರೆ, ಬಣ್ಣ ಬೇರೆ, ದಪ್ಪಕ್ಷರದಲ್ಲಿದ್ದ ಹೆಸರೂ ಬೇರೆ. ಮೇಡಂ ಕನ್ನಡಕ ಮೇಲೆತ್ತಿ ಪಟ್ಟಿಯ ಹಿಂಬದಿ ತಿರುಗಿಸಿ ಚಿಕ್ಕಕ್ಷರ ಓದಿದರು. ಕಾರ್ಬಮಜೆಪೀನ್.

ಅವರ ಎದೆ ಧಸಕ್ಕೆಂದಿತು. ಯಾಕೆಂದರೆ ಇಂಥದ್ದು ಆಗಬಾರದು ಎಂದೇ ಆಸ್ಪತ್ರೆಯಲ್ಲಿ ಒಂದು ಏರ್ಪಾಡಿದೆ. ಔಷಧ ಯಾರಿಗಾದರೂ ಆಗಿಬರಲಿಲ್ಲ ಎಂದರೆ ಅದರ ಮೂಲ ಹೆಸರು ಬರೆದ ಒಂದು ಎಚ್ಚರಿಕೆ ಕಾರ್ಡು ರೋಗಿಯ ಕೈಗೆ ಕೊಡಬೇಕು, ಅವರ ಕಡತದ ಮೇಲೆ ಕೆಂಪಿನಲ್ಲಿ ಬರೆಯಬೇಕು. ಅದನ್ನು ಬರೆಯಬೇಕಾದವರು ಬೇರೆ ಯಾರೂ ಅಲ್ಲ, ರಿಯಾಕ್ಷನ್ ಮೇಡಮ್ಮೇ. ವರದಿ ಮುಗಿಯಲಿ, ಅಂಕ ಎಷ್ಟು ಬರುತ್ತದೋ ನೋಡಿ ಒಂದೇ ಸಲ ಸರಿಯಾಗಿ ಬರೆದರಾಯಿತು ಎಂದು ಮುಂದಕ್ಕೆ ಹಾಕಿದ್ದರು. ಹಿಂದೆಂದೂ ಅವರು ಹಾಗೆ ಮಾಡಿದವರಲ್ಲ. ಪತ್ರಿಕೆಯಲ್ಲಿ ಹೆಸರು ಬರುವ ಸಡಗರದಲ್ಲಿ, ಯಾವ ಮನುಷ್ಯನ ಮೇಲೆ ವರದಿ ಬರೆಯುತ್ತಿದ್ದರೋ ಅವನ ಕೈಗೆ ಒಂದು ಕಾರ್ಡು ಕೊಡುವುದನ್ನೇ ಬಿಟ್ಟಿದ್ದರು. ನಾಚಿಕೆಯಿಂದ ಅವರ ಮುಖ ಬಿಸಿಯಾಯಿತು.

"ಮೇಷ್ಟ್ರೇ, ಇದು ಅದೇ ಮಾತ್ರೆ. ಹೆಸರು ಮಾತ್ರ ಬೇರೆ. ನಿಮ್ಮ ಕಿವಿಗೆ ಏನೂ ಆಗಿಲ್ಲ. ಇದನ್ನ ನಿಮಗೆ ಮತ್ತೆ ಕೊಡಬಾರದು ಅಂತ ಬರೀಬೇಕಾಗಿದ್ದೋಳು ನಾನು. ಬರೀಲಿಲ್ಲ."

ಮೇಷ್ಟ್ರು ಕೈಚಾಚಿ ಆ ಪಟ್ಟಿ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಸಿಡಿದದ್ದು ಹೆಂಡತಿ. "ಅಲ್ಲಾ ಅಕ್ಕಾ, ಈ ಮನುಷ್ಯ ಊಟ ಬಿಟ್ಟು ನಿದ್ದೆ ಬಿಟ್ಟು ಗೋಡೆ ನೋಡ್ಕೊಂಡು ಕೂತಿದ್ದಾರಲ್ಲ! ಕಿವಿ ಹೋಯ್ತು ಅಂತ ನನ್ನ ಹತ್ರ ಅತ್ತಿದ್ದಾರೆ. ನೀವು ಇದನ್ನ ಪತ್ರಿಕೆಗೆ ಬರೀತಾ ಕೂತಿದ್ರಾ?"

ಮೇಡಂ ತಲೆ ತಗ್ಗಿಸಿದರು. ಹೌದು, ಬರೆಯುತ್ತಾ ಕೂತಿದ್ದರು.

"ಬಿಡೇ" ಎಂದರು ಮೇಷ್ಟ್ರು ಕೊನೆಗೆ. "ತಾಯೀ, ಹಾಗಾದ್ರೆ ಬರೀರಿ. ಹಾರ್ಮೋನಿಯಂ ಅಂತಾನೇ ಬರೀರಿ. ತೆಗೀಬೇಡಿ. ಗುರುತು ಹಿಡಿಯೋರು ಹಿಡೀಲಿ. ಆದ್ರೆ ಎರಡನೇ ಸಲ ಆ ಮಾತ್ರೆ ನನ್ನ ಕೈಗೆ ಹೇಗೆ ಬಂತು ಅನ್ನೋದೂ ಇರಬೇಕು. ನಾನಾಗಿ ನುಂಗಿದ್ದಲ್ಲ. ಅದಿದ್ರೆ ನನ್ನ ಒಪ್ಪಿಗೆ ಇದೆ. ಇಲ್ಲ ಅಂದ್ರೆ ಇಲ್ಲ."

ರೋಗಿಯ ಮಾತು ಎಂಬ ಭಾಗಕ್ಕೆ ಮೇಡಂ ಅದನ್ನೇ ಬರೆದುಕೊಂಡರು. ಮುಂದಿನ ಎರಡು ಸಾಲನ್ನು ಅವರು ಹೇಳುತ್ತಾ ಹೋದರು, ಇವರು ಬರೆದುಕೊಂಡರು: 'ನೋವಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಕಿವಿಯ ಮೇಲಿನ ಅಪನಂಬಿಕೆ. ನೋವಿಗೆ ಔಷಧವಿತ್ತು, ಅದಕ್ಕೆ ಇರಲಿಲ್ಲ.'

ಮರುದಿನ ನರದ ಡಾಕ್ಟರ ಕೋಣೆಯಲ್ಲಿ ಮೇಡಂ ಹೊಸ ಕಾಲಕ್ರಮ ಮುಂದಿಟ್ಟರು. ಅದರ ಅರ್ಧ ಓದುವಷ್ಟರಲ್ಲಿ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಅರೆ! ಮತ್ತೆ ಕೊಟ್ಟು, ಮತ್ತೆ ಬಂದು, ನಿಲ್ಲಿಸಿ, ಮತ್ತೆ ಹೋಗಿದೆ! ಜೊತೆಗೆ ಆ ಪೆಟ್ಟಿಗೆ ಬೇರೆ ಸಾಕ್ಷಿ, ಅಳೆದು ತೋರಿಸಬಹುದು! ಮೇಡಂ, ಇದು 'ಖಚಿತ'ದ ಮನೆಗೆ ಬಂತು! ಇಂಥದ್ದು ಯಾರ ಹತ್ರಾನೂ ಇರಲ್ಲ!"

"ಮುಂದೆ ಓದಿ ಸಾರ್."

ಓದಿದರು. 'ಎಚ್ಚರಿಕೆ ಕಾರ್ಡು ನೀಡದಿದ್ದುದರಿಂದ ಅದೇ ಆಸ್ಪತ್ರೆಯಲ್ಲಿ ಬೇರೆ ಹೆಸರಿನ ಅದೇ ಔಷಧವನ್ನು ರೋಗಿಗೆ ಮತ್ತೆ ಕೊಡಲಾಯಿತು.' ಅವರು ನಿಧಾನವಾಗಿ ಕೂತರು. ಪೆನ್ನಿನ ತುದಿಯಿಂದ ಆ ಸಾಲನ್ನು ಎರಡು ಸಲ ಕುಟ್ಟಿದರು.

"ಇದು ಹೀಗೆ ಹೋದ್ರೆ ಆಡಳಿತದವರು ಸುಮ್ಮನೆ ಬಿಡ್ತಾರಾ? 'ರೋಗಿ ಔಷಧವನ್ನು ಪುನರಾರಂಭಿಸಿದರು' ಅಂತ ಹಾಕಿ. ಸುಳ್ಳೇನಲ್ಲವಲ್ಲ. ನುಂಗಿದ್ದು ಅವರೇ ತಾನೇ?"

"ಸಾರ್, ಹಾಗೆ ಹಾಕಿದ್ರೆ ಅವರ ಒಪ್ಪಿಗೆ ಇಲ್ಲ."

"ಮೊದಲ ದಿನದ ಸಹಿ ಇದೆ."

"ಬಾಯಿ ಬಿಡೋಕೂ ಆಗದೋನ ಹತ್ರ ಹಾಕಿಸಿಕೊಂಡಿದ್ದು ಅದು. ಅವರು ಒಪ್ಪಿದ್ದು ನಾನು ಓದಿ ಹೇಳಿದ್ದಕ್ಕೆ."

ಡಾಕ್ಟರು ಧ್ವನಿ ಇಳಿಸಿದರು. ಕೆಟ್ಟವರೇನಲ್ಲ, ಅವರಿಗೂ ಬಡ್ತಿಯ ಕಡತವೊಂದು ಕಾಯುತ್ತಿತ್ತು. "ಮೇಡಂ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಕಾರ್ಡು ಬರೀಬೇಕಾಗಿದ್ದು ನೀವು. ನಿಮ್ಮ ಹೆಸರೇ ಮೊದಲಿರೋ ವರದೀಲಿ ನಿಮ್ಮ ತಪ್ಪನ್ನೇ ಬರ್ಕೊಳ್ತೀರಾ? ಹೋಗೋ ಕಾಲದಲ್ಲಿ ಇದೆಲ್ಲ ಬೇಕಾ?"

ಬೇಡವಾಗಿತ್ತು. ದೇವರಾಣೆಗೂ ಬೇಡವಾಗಿತ್ತು. ಒಂದು ಸಾಲು ಬದಲಿಸಿದರೆ ಆಯಿತು, ಮನೆಗೆ ಹೋಗಿ ಕಾಲು ಚಾಚಬಹುದಿತ್ತು. ಆದರೆ ಆ ಒಂದು ಸಾಲು ಬದಲಾದರೆ ಮೇಷ್ಟ್ರು ಮತ್ತೆ ಕಳ್ಳರಂತೆ ಮಾತ್ರೆ ನುಂಗಿದವರಾಗುತ್ತಾರೆ. ಓದುವ ಡಾಕ್ಟರುಗಳಿಗೂ ಬೇರೆ ಹೆಸರಿನ ಅದೇ ಔಷಧ ಹೀಗೆ ಕೈತಪ್ಪಿ ಹೋಗುತ್ತದೆ ಎಂಬುದು ತಿಳಿಯದೆ ಹೋಗುತ್ತದೆ.

"ಬರ್ಕೊಳ್ತೀನಿ ಸಾರ್" ಎಂದರು.

"ನೋಡೋಣ" ಎಂದರು ಡಾಕ್ಟರು. ಆ ಆಸ್ಪತ್ರೆಯಲ್ಲಿ ಅನುಭವ ಇದ್ದ ಯಾರಿಗೂ ನೋಡೋಣ ಎಂಬುದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಮೆಟ್ಟಿಲ ಕೆಳಗಿನ ಕೋಣೆಗೆ ಬಂದು ಮೇಡಂ ಮೊದಲು ಕಾರ್ಡು ಬರೆದರು. ದಪ್ಪಕ್ಷರದಲ್ಲಿ ಮೂಲ ಹೆಸರು, ಕೆಳಗೆ 'ಯಾವ ಕಂಪನಿಯ ಹೆಸರಿನಲ್ಲಿದ್ದರೂ ಕೊಡಬಾರದು' ಎಂದು. ಕಡತದ ಮೇಲೆ ಕೆಂಪಿನಲ್ಲಿ ಬರೆದರು. ಆಮೇಲೆ ಸುರಕ್ಷತಾ ಕೇಂದ್ರಕ್ಕೆ ಕಳಿಸುವ ವರದಿ ತುಂಬಿದರು, ಔಷಧ ಕೊಡುವಲ್ಲಿ ಆದ ತಪ್ಪನ್ನೂ ಸೇರಿಸಿ. ಅದಕ್ಕೆ ರೋಗಿಯ ಒಪ್ಪಿಗೆ ಬೇಕಿಲ್ಲ, ರೋಗಿಯ ಗುರುತೂ ಗುಟ್ಟಾಗಿರುತ್ತದೆ. ಆದರೆ ಅದು ಕಚೇರಿಯಿಂದ ಕಚೇರಿಗೆ ಹೋಗುವ ಹಾಳೆ. ಯಾರ ಕೈಗೂ ಸಿಗುವ ಪತ್ರಿಕೆಯಲ್ಲ.

ಸಂಜೆ ಯಜಮಾನರು ಬಾಗಿಲು ತೆಗೆದು ಬಾಯಿ ತೆರೆಯುವ ಮೊದಲೇ ಮೇಡಂ ಕುರ್ಚಿಗೆ ಕುಸಿದರು. ನಡೆದದ್ದನ್ನೆಲ್ಲ ಹೇಳಿ, "ಸುಸ್ತಾಗಿದೆ ಕಣ್ರೀ. ಕಾಲಲ್ಲ. ನಾನೇ ಸುಸ್ತಾಗಿದೀನಿ" ಎಂದು ಅತ್ತರು. ಯಜಮಾನರು ಚುಚ್ಚಲಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು ತಂದಿಟ್ಟು, "ಆ ಮನುಷ್ಯನಿಗೆ ಈಗ ಬೇಕಾಗಿರೋದು ಪತ್ರಿಕೆನಾ?" ಎಂದಷ್ಟೇ ಕೇಳಿದರು.

ಮೇಡಂ ಕಣ್ಣೊರೆಸಿಕೊಂಡು ನೀರಿಗೆ ಕಾಲಿಳಿಸಿದರು.

ಎರಡು ದಿನ ಬಿಟ್ಟು ಮೇಷ್ಟ್ರ ಮನೆಗೆ ಹೋಗಿ ಕಾರ್ಡು ಕೊಟ್ಟರು. ಸುರಕ್ಷತಾ ಕೇಂದ್ರದ ಕಚೇರಿಗೆ ಬರೆದು ಕಳಿಸಿದ್ದಾಗಿಯೂ, ನರದ ಡಾಕ್ಟರು ಒಪ್ಪದೆ ವರದಿ ಪತ್ರಿಕೆಗೆ ಹೋಗುವುದಿಲ್ಲ ಎಂದೂ, ಬೇರೆ ರೀತಿಯಲ್ಲಿ ಕಳಿಸಲು ತಾವು ಒಪ್ಪಲಿಲ್ಲ ಎಂದೂ ಹೇಳಿದರು. ಮೇಷ್ಟ್ರು ಕಾರ್ಡನ್ನು ಮಡಚದೆ ಅಂಗಿಯ ಜೇಬಿಗೆ ಇಳಿಸಿ, "ಹಾಗಾದ್ರೆ ನನ್ನ ಕಿವಿ ಸರಿ ಇದೆ ಅನ್ನೋದು ಕಚೇರಿಯೋರಿಗೆ ಬಿಟ್ರೆ ಊರಲ್ಲಿ ಯಾರಿಗೂ ಗೊತ್ತಾಗಲ್ಲ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ.

"ನೀವು ಒಪ್ಪಿದ್ರೆ ಶಾಲೆಗೆ ನಾನೇ ಬಂದು ಹೇಳ್ತೀನಿ. ನಿಮ್ಮ ಕಾಯಿಲೆ ವಿಷಯ ಹೊರಗೆ ಹೇಳೋ ಹಕ್ಕು ನನಗಿಲ್ಲ. ಎಷ್ಟು ಹೇಳು ಅಂತೀರೋ ಅಷ್ಟೇ ಹೇಳ್ತೀನಿ."

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. "ಎಲ್ಲಾ ಹೇಳಲಿ ಬಿಡ್ರೀ. ಇನ್ನೇನು ಮುಚ್ಚಿಡೋದಿದೆ?" ಎಂದರು ಅವರು.

ಶಾಲೆಯ ಹಾಡಿನ ಕೋಣೆ ಬೆಳಗಿನ ಹೊತ್ತು ಖಾಲಿಯಿತ್ತು. ಗೋಡೆಗೆ ಒರಗಿಸಿದ ಗಿಡ್ಡ ಬೆಂಚುಗಳು, ಮೂಲೆಯಲ್ಲಿ ಬಟ್ಟೆ ಮುಚ್ಚಿದ ಹಾರ್ಮೋನಿಯಂ. ಅದರ ಪಕ್ಕದಲ್ಲಿ ಕರೆಂಟಿನ ಹೊಸ ಕೀಬೋರ್ಡು. ಹಾಡಿನ ಟೀಚರ್ ಮೇಷ್ಟ್ರನ್ನು ಕಂಡು ಮುಜುಗರದಿಂದ ಸೀರೆಯ ಸೆರಗು ಸರಿಪಡಿಸಿಕೊಂಡರು. ಮೇಡಂ ನಿಂತುಕೊಂಡೇ ಹೇಳಿದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು, ಆಸ್ಪತ್ರೆಯಿಂದ ಲೋಪವಾಗಿದೆ, ಹೀಗೆ ಕೆಲವೊಮ್ಮೆ ಆಗುತ್ತದೆ ಎಂದು. ಹೇಳುವಾಗ ಅದೆಲ್ಲ ಎಲ್ಲಿ ಹೋಯಿತೋ! ಯಾವ ಕಾಯಿಲೆ, ಯಾವ ಔಷಧ, ಅದು ಕಿವಿಗೆ ಏನು ಮಾಡುತ್ತದೆ, ನಿಲ್ಲಿಸಿದರೆ ಹೇಗೆ ಹೋಗುತ್ತದೆ ಎಂದು ಒಂದರ ಹಿಂದೆ ಒಂದು ಹೇಳಿದರು.

"ಹಾಗಾದ್ರೆ ತಪ್ಪು ಯಾರದು?" ಟೀಚರ್ ಕೇಳಿದರು.

"ನಂದು" ಎಂದರು ಮೇಡಂ.

ಟೀಚರ್ ಮೇಷ್ಟ್ರ ಕಡೆ ತಿರುಗಿ, "ಅಯ್ಯೋ ಮೇಷ್ಟ್ರೇ, ನಾನು ಅವತ್ತು ಏನೇನೋ ಅಂದೆ. ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?" ಎಂದರು.

"ನನಗೇ ಗೊತ್ತಿರಲಿಲ್ಲವಲ್ಲಮ್ಮ" ಎಂದರು ಮೇಷ್ಟ್ರು.

ಅವರು ಮೂಲೆಗೆ ಹೋಗಿ ಹಾರ್ಮೋನಿಯಂ ಮೇಲಿನ ಬಟ್ಟೆ ತೆಗೆದು ನೆಲಕ್ಕೆ ಕೂತರು. ಎಡಗೈಯಿಂದ ತಿದಿ ಒತ್ತಿ, ಬಲಗೈಯ ಬೆರಳನ್ನು ಸ್ವರದ ಮನೆಯ ಮೇಲಿಟ್ಟರು, ಒತ್ತಲಿಲ್ಲ. ಮೇಡಂ ಉಸಿರು ಹಿಡಿದು ನಿಂತರು. ಪೆಟ್ಟಿಗೆ ಸರಿಯಾಗಿಯೇ ಇದೆ ಎಂದು ಈ ಮನುಷ್ಯನಿಗೆ ಈಗಲೂ ಕೇಳಿಸಿಬಿಟ್ಟರೆ?

ಮೇಷ್ಟ್ರು ಒತ್ತಿದರು. ಸ್ವರ ಕೋಣೆ ತುಂಬಿತು. ಮೇಡಂಗೆ ಅದು ಹಾರ್ಮೋನಿಯಂ ಸದ್ದು, ಅಷ್ಟೇ, ಮೇಲೋ ಕೆಳಗೋ ಏನೂ ತಿಳಿಯಲಿಲ್ಲ. ಮೇಷ್ಟ್ರು ಇನ್ನೊಂದು ಮನೆ ಒತ್ತಿದರು, ಮತ್ತೊಂದು ಒತ್ತಿದರು. ಅವರ ಮುಖ ಕಿವುಚಿಕೊಂಡಿತು.

"ಥೂ, ಏನು ಮಾಡಿಟ್ಟಿದೀನಿ ಇದನ್ನ! ಅಷ್ಟೂ ಅರ್ಧ ಸ್ವರ ಮೇಲಿದೆ" ಎಂದರು. ಹಾಗೆನ್ನುತ್ತಾ ನಕ್ಕರು, ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಒರೆಸಿಕೊಳ್ಳದೆ ಮತ್ತೆ ಅದೇ ಕೆಟ್ಟ ಸ್ವರವನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಾ ಕೂತರು.

ಮೇಡಂ ಮಕ್ಕಳ ಬೆಂಚೊಂದನ್ನು ಎಳೆದುಕೊಂಡು ಕೂತರು. ಆಸ್ಪತ್ರೆಗೆ ಆಗಲೇ ತಡವಾಗಿತ್ತು.